ಮಲ್ಲಿಗೆಯ ಬಣ್ಣವೂ ಮೂರು ಬಳೆಗಳೂ

ಧಾರವಾಡದ ಕಡೆಯ ತಾಯಿಯೊಬ್ಬರು ಕಳೆದ ತಿಂಗಳು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮಗಳು ಪದವಿ ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ. ಕಳೆದ ವರ್ಷ ಅರ್ಧ ಅಂಕ ಕಡಿಮೆಯಾಗಿ ಮೊದಲ ಹಂತದಲ್ಲಿಯೇ ಹೊರಗುಳಿದಳಂತೆ. ಈ ವರ್ಷವೂ ಕೈಗೂಡದಿದ್ದರೆ ಓದು ಸಾಕು, ಮುಂದಿನ ಮಾತು ನೋಡೋಣ ಎಂದು ಮನೆಯ ಹಿರಿಯರು ಹೇಳಿಯಾಗಿದೆ. ಹೀಗಿರುವಾಗ ಮಾದರಿ ಪ್ರಶ್ನೆಪತ್ರಿಕೆಯೊಂದರಲ್ಲಿ ಬಂದ ಒಂದು ಪ್ರಶ್ನೆ ಮನೆಯಲ್ಲಿ ಎರಡು ದಿನ ವಾದವೆಬ್ಬಿಸಿದೆ. ಮಗಳು ಗುರುತಿಸಿದ ಉತ್ತರ ತಪ್ಪೆಂದು ಪುಸ್ತಕ ಹೇಳುತ್ತದೆ. ಅವಳ ಅಜ್ಜ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರು; ಅವರು ಪುಸ್ತಕದ ಉತ್ತರವೇ ಅಚ್ಚಿನ ದೋಷವೆನ್ನುತ್ತಾರೆ. "ನೀವಾದರೂ ಇತ್ಯರ್ಥ ಮಾಡಿರಿ" ಎಂದು ತಾಯಿ ಕೇಳಿದ್ದಾರೆ.

ಪ್ರಶ್ನೆಯನ್ನು ಮೊದಲು ಓದುಗರ ಮುಂದಿಡುತ್ತೇವೆ. ಎರಡು ಹೇಳಿಕೆಗಳಿವೆ. ಎಲ್ಲ ಮಲ್ಲಿಗೆಗಳೂ ಹೂವುಗಳು. ಕೆಲವು ಹೂವುಗಳು ಬಿಳಿ ವಸ್ತುಗಳು. ಇವುಗಳ ಕೆಳಗೆ ಮೂರು ತೀರ್ಮಾನಗಳು. ಒಂದನೆಯದು: ಕೆಲವು ಮಲ್ಲಿಗೆಗಳು ಬಿಳಿ ವಸ್ತುಗಳು. ಎರಡನೆಯದು: ಕೆಲವು ಬಿಳಿ ವಸ್ತುಗಳು ಹೂವುಗಳು. ಮೂರನೆಯದು: ಯಾವ ಮಲ್ಲಿಗೆಯೂ ಬಿಳಿ ವಸ್ತುವಲ್ಲ. ಕೊಟ್ಟ ಹೇಳಿಕೆಗಳಿಂದ ಇವುಗಳಲ್ಲಿ ಯಾವುದು ನಿಶ್ಚಯವಾಗಿ ಹೊರಡುತ್ತದೆ?

ಮಗಳು ಒಂದನೆಯದೂ ಎರಡನೆಯದೂ ಸರಿಯೆಂದು ಗುರುತಿಸಿದ್ದಾಳೆ. ಪುಸ್ತಕದ ಉತ್ತರ ಬೇರೆ: ಎರಡನೆಯದು ಸರಿ; ಅದರೊಡನೆ ಒಂದನೆಯದು ಅಥವಾ ಮೂರನೆಯದು, ಇವೆರಡರಲ್ಲಿ ಒಂದು ಸರಿ. ಅಜ್ಜನವರಿಗೆ ಸಿಟ್ಟು ಬಂದದ್ದು ಇಲ್ಲಿಯೇ. "ಯಾವ ಮಲ್ಲಿಗೆಯೂ ಬಿಳಿಯಲ್ಲ ಎಂಬ ಮಾತನ್ನು ಅರ್ಧಕ್ಕಾದರೂ ಒಪ್ಪುವ ಪುಸ್ತಕ ಎಂಥ ಪುಸ್ತಕ? ನಮ್ಮ ಹಿತ್ತಲಿಗೆ ಬಂದು ನೋಡಲಿ" ಎಂದರಂತೆ.

ಅಜ್ಜನವರ ಮೇಲಿನ ಗೌರವವನ್ನು ಉಳಿಸಿಕೊಂಡೇ ಹೇಳುತ್ತೇವೆ: ಪುಸ್ತಕ ಸರಿಯಾಗಿದೆ. ಅವರ ಹಿತ್ತಲಿನ ಮಲ್ಲಿಗೆಯೂ ಬಿಳಿಯೇ ಇದೆ. ಎರಡೂ ಏಕಕಾಲಕ್ಕೆ ಹೇಗೆ ನಿಜವಾದವು ಎಂಬುದನ್ನು ತಿಳಿದರೆ ಸಿಲಾಜಿಸಂ ಎಂಬ ಈ ಬಗೆಯ ಪ್ರಶ್ನೆಗಳ ಗುಟ್ಟು ಬಹುಪಾಲು ತಿಳಿದಂತೆ.

ಇಂಥ ಪ್ರಶ್ನೆ ನಮ್ಮನ್ನು ಪ್ರಪಂಚದ ಬಗ್ಗೆ ಕೇಳುವುದಿಲ್ಲ. ಮೇಲಿನ ಎರಡು ಸಾಲುಗಳ ಬಗ್ಗೆ ಮಾತ್ರ ಕೇಳುತ್ತದೆ. ಮಲ್ಲಿಗೆಯನ್ನೇ ಕಾಣದ ದೇಶದವನೊಬ್ಬನಿಗೆ ಆ ಎರಡು ಸಾಲುಗಳನ್ನು ಮಾತ್ರ ಕೊಟ್ಟರೆ, ಅವನು ಯಾವುದನ್ನು ಆಣೆಯಿಟ್ಟು ಹೇಳಬಲ್ಲನು? ಅದೇ "ನಿಶ್ಚಯವಾಗಿ" ಎಂಬ ಪದದ ಅರ್ಥ. ಹೇಳಿಕೆಗಳು ನಿಜವಾಗಿರುವ ಪ್ರತಿಯೊಂದು ಸಂದರ್ಭದಲ್ಲಿಯೂ ತೀರ್ಮಾನ ನಿಜವಾಗಿರಬೇಕು. ಹೇಳಿಕೆಗಳು ನಿಂತು ತೀರ್ಮಾನ ಮಾತ್ರ ಬೀಳುವ ಒಂದೇ ಒಂದು ಸಂದರ್ಭ ಸಿಕ್ಕಿದರೂ ಆ ತೀರ್ಮಾನ ಹೊರಡುವುದಿಲ್ಲ. ಆದ್ದರಿಂದ ಪರೀಕ್ಷಾರ್ಥಿಯು ತೀರ್ಮಾನವನ್ನು ಸಮರ್ಥಿಸುವ ಚಿತ್ರವನ್ನು ಹುಡುಕಬಾರದು. ಅದನ್ನು ಕೆಡಹುವ ಚಿತ್ರವನ್ನು ಹುಡುಕಬೇಕು.

ನಮ್ಮ ನ್ಯಾಯಶಾಸ್ತ್ರದವರಿಗೆ ಇದು ಹೊಸ ಮಾತಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದನ್ನು ಒಪ್ಪಿದ ಅವರು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬುದನ್ನು ಒಪ್ಪಲಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಮುಂದಿಟ್ಟರು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಆ ಮಾತು ಬೀಳಲು ಅದೊಂದು ಗುಂಡು ಸಾಕಾಯಿತು.

ಇನ್ನು ಆ ಮಗಳ ತಪ್ಪಿಗೆ ಬರೋಣ. ತಾಯಿಯವರು ಅವಳು ಬಿಡಿಸಿದ ಚಿತ್ರವನ್ನೂ ಪತ್ರದೊಡನೆ ಕಳುಹಿಸಿದ್ದಾರೆ. ದೊಡ್ಡ ವೃತ್ತ ಹೂವುಗಳದು. ಅದರೊಳಗೆ ಸಣ್ಣ ವೃತ್ತ ಮಲ್ಲಿಗೆಯದು. ಬಿಳಿ ವಸ್ತುಗಳ ವೃತ್ತ ಬಲಗಡೆಯಿಂದ ಬಂದು ಹೂವಿನ ವೃತ್ತವನ್ನು ದಾಟಿ ಮಲ್ಲಿಗೆಯನ್ನೂ ಸ್ವಲ್ಪ ಕಡಿದಿದೆ. ಚಿತ್ರದಲ್ಲಿ ತಪ್ಪೇನೂ ಇಲ್ಲ. ಎರಡು ಹೇಳಿಕೆಗಳೂ ಅದರಲ್ಲಿ ನಿಜವಾಗಿವೆ. ಆದರೆ ಅದು ಸಾಧ್ಯವಿರುವ ಚಿತ್ರಗಳಲ್ಲಿ ಒಂದು ಮಾತ್ರ. ಬಿಳಿಯ ವೃತ್ತ ಹೂವನ್ನು ತುಸುವೇ ಕಡಿದು ಮಲ್ಲಿಗೆಯನ್ನು ಮುಟ್ಟದೆಯೂ ನಿಲ್ಲಬಹುದಾಗಿತ್ತು. ಮಲ್ಲಿಗೆಯನ್ನು ಪೂರ್ತಿ ನುಂಗಿಯೂ ನಿಲ್ಲಬಹುದಾಗಿತ್ತು. ಮಲ್ಲಿಗೆ ಬಿಳಿಯೆಂಬುದು ಅವಳಿಗೆ ಮೊದಲೇ ಗೊತ್ತಿದ್ದುದರಿಂದ ಕೈ ತಾನಾಗಿ ಅತ್ತ ಹರಿಯಿತು. ತಾನೇ ಎಳೆದ ಗೆರೆಯನ್ನು ಅವಳು ಹೇಳಿಕೆಯೆಂದು ಓದಿಕೊಂಡಳು.

ವೃತ್ತದೊಳಗೆ ವೃತ್ತವಿಡುವ ಈ ಕ್ರಮ ಗಣಿತಜ್ಞ ಆಯ್ಲರನಿಂದ ಪ್ರಸಿದ್ಧವಾದದ್ದು. 1760ರ ದಶಕದ ಆರಂಭದಲ್ಲಿ ಅವನು ಜರ್ಮನ್ ರಾಜಕುಮಾರಿಯೊಬ್ಬಳಿಗೆ ಬರೆದ ಪತ್ರಗಳಲ್ಲಿ ಇದನ್ನು ಬಳಸಿದನು. ಒಂದು ಚಿತ್ರಕ್ಕೆ ಒಂದೇ ಸಂದರ್ಭವನ್ನು ತೋರಿಸುವುದು ಅದರ ಕೊರತೆ. ಕೇಂಬ್ರಿಜ್‌ನ ಜಾನ್ ವೆನ್ 1880ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕ್ರಮವನ್ನೇ ತಿರುಗಿಸಿದನು. ವೃತ್ತಗಳನ್ನು ಹೇಳಿಕೆಗೆ ತಕ್ಕಂತೆ ಸರಿಸುವುದು ಬೇಡ. ಮೂರನ್ನೂ ಒಂದರ ಮೇಲೊಂದು ಹಾಯುವಂತೆ ಮೊದಲೇ ಎಳೆದುಬಿಡಿ, ಗೊತ್ತಿರುವುದನ್ನು ಮಾತ್ರ ಆಮೇಲೆ ಅದರಲ್ಲಿ ಗುರುತು ಮಾಡಿ ಎಂದನು. ಇಂದು ತರಬೇತಿ ಕೇಂದ್ರಗಳಲ್ಲಿ ವೆನ್ ಚಿತ್ರವೆಂಬ ಹೆಸರಿನಲ್ಲಿ ಕಲಿಸುವುದು ಹೆಚ್ಚಾಗಿ ಆಯ್ಲರನ ಚಿತ್ರವನ್ನೇ. ಅದು ಬೇಗ ಬರುತ್ತದೆ, ನಿಜ. ಎಡವಿಸುವುದೂ ಅಷ್ಟೇ ಬೇಗ.

ಓದುಗರು ಒಂದು ಹಾಳೆ, ಒಂದು ಪೆನ್ಸಿಲು, ಒಂದು ಬಳೆ, ಒಂದು ಹುಣಸೆ ಬೀಜ ತೆಗೆದುಕೊಳ್ಳಬೇಕು. ಬಳೆಯನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲು ಹಾಯಿಸಿದರೆ ಒಂದು ವೃತ್ತ. ಅದೇ ಬಳೆಯಿಂದ ಮೂರು ವೃತ್ತಗಳನ್ನು ಎಳೆಯಿರಿ: ಮೇಲೆ ಎಡಕ್ಕೆ ಮಲ್ಲಿಗೆ, ಮೇಲೆ ಬಲಕ್ಕೆ ಹೂವು, ನಡುವೆ ಕೆಳಗೆ ಬಿಳಿ. ಪ್ರತಿಯೊಂದೂ ಉಳಿದ ಎರಡರ ಮೇಲೆ ಹಾಯ್ದು, ನಡುವೆ ಮೂರೂ ಕೂಡುವ ಒಂದು ಜಾಗ ಉಳಿಯಬೇಕು. ಈಗ ಎಣಿಸಿದರೆ ಒಳಗೆ ಏಳು ಕೋಣೆಗಳಿರುತ್ತವೆ. ಒಂದೊಂದೇ ವೃತ್ತಕ್ಕೆ ಸೇರಿದವು ಮೂರು, ಎರಡೆರಡು ವೃತ್ತಗಳಿಗೆ ಮಾತ್ರ ಸೇರಿದವು ಮೂರು, ಮೂರಕ್ಕೂ ಸೇರಿದ್ದು ನಡುವಿನ ಒಂದು. ಜಗತ್ತಿನ ಯಾವ ವಸ್ತುವನ್ನು ಹಿಡಿದರೂ ಅದು ಈ ಏಳರಲ್ಲಿ ಒಂದು ಕೋಣೆಯಲ್ಲಿ ಇರಬೇಕು, ಇಲ್ಲವೆ ಮೂರೂ ವೃತ್ತಗಳ ಹೊರಗೆ ಇರಬೇಕು. ಇನ್ನೂ ಯಾವ ಮಾತನ್ನೂ ನಾವು ಒಪ್ಪಿಲ್ಲ. ಎಲ್ಲ ಕೋಣೆಗಳ ಬಾಗಿಲೂ ತೆರೆದಿದೆ.

ಮೊದಲನೆಯ ಹೇಳಿಕೆ: ಎಲ್ಲ ಮಲ್ಲಿಗೆಗಳೂ ಹೂವುಗಳು. ಅಂದರೆ ಹೂವಲ್ಲದ ಮಲ್ಲಿಗೆ ಇಲ್ಲ. ಮಲ್ಲಿಗೆಯ ವೃತ್ತದಲ್ಲಿ ಹೂವಿನ ವೃತ್ತದಿಂದ ಹೊರಗುಳಿದ ಭಾಗವೆಲ್ಲ ಖಾಲಿ. ಅಂಥ ಕೋಣೆಗಳು ಎರಡು: ಬರಿಯ ಮಲ್ಲಿಗೆಯದು ಒಂದು, ಮಲ್ಲಿಗೆಯೂ ಬಿಳಿಯೂ ಆಗಿದ್ದು ಹೂವಲ್ಲದ್ದು ಇನ್ನೊಂದು. ಎರಡನ್ನೂ ಪೆನ್ಸಿಲಿನಿಂದ ಗೆರೆ ಹಾಕಿ ಮುಚ್ಚಿರಿ. ಗೆರೆ ಹಾಕಿದ್ದೆಂದರೆ ಬೀಗ ಹಾಕಿದ್ದೆಂದು ಅರ್ಥ.

ಎರಡನೆಯ ಹೇಳಿಕೆ: ಕೆಲವು ಹೂವುಗಳು ಬಿಳಿ ವಸ್ತುಗಳು. ಹೂವು ಮತ್ತು ಬಿಳಿ ಕೂಡುವ ಜಾಗದಲ್ಲಿ ಏನೋ ಒಂದು ಇದೆ. ಅದರ ಗುರುತಾಗಿ ಹುಣಸೆ ಬೀಜವನ್ನು ಅಲ್ಲಿಡಬೇಕು. ಆದರೆ ಆ ಜಾಗದಲ್ಲಿ ಒಂದಲ್ಲ, ಎರಡು ಕೋಣೆಗಳಿವೆ. ಮಲ್ಲಿಗೆಯ ಗೆರೆ ಅದರ ನಡುವೆಯೇ ಹಾಯ್ದು ಹೋಗಿದೆ: ಗೆರೆಯ ಒಂದು ಕಡೆ ಬಿಳಿ ಮಲ್ಲಿಗೆ ಹೂವು, ಇನ್ನೊಂದು ಕಡೆ ಮಲ್ಲಿಗೆಯಲ್ಲದ ಬಿಳಿ ಹೂವು. ಎರಡಕ್ಕೂ ಬೀಗ ಬಿದ್ದಿಲ್ಲ. ಬೀಜವನ್ನು ಯಾವ ಕೋಣೆಯಲ್ಲಿ ಇಡುವಿರಿ?

ಹೇಳಿಕೆ ಅದನ್ನು ಹೇಳಿಲ್ಲ. ಆದ್ದರಿಂದ ಬೀಜವನ್ನು ಮಲ್ಲಿಗೆಯ ಗೆರೆಯ ಮೇಲೆಯೇ ಇಡಬೇಕು, ಅರ್ಧ ಇತ್ತ, ಅರ್ಧ ಅತ್ತ. "ಇವೆರಡು ಕೋಣೆಗಳಲ್ಲಿ ಒಂದರಲ್ಲಾದರೂ ಇದೆ, ಯಾವುದರಲ್ಲೆಂದು ತಿಳಿಯದು" ಎಂದು ಇದರ ಅರ್ಥ. ಪರೀಕ್ಷೆಯಲ್ಲಿ ಹುಣಸೆ ಬೀಜದ ಬದಲು × ಗುರುತು ಹಾಕಿದರಾಯಿತು.

ಈಗ ತೀರ್ಮಾನಗಳನ್ನು ಚಿತ್ರದಲ್ಲಿ ಓದೋಣ. ಎರಡನೆಯದು, ಕೆಲವು ಬಿಳಿ ವಸ್ತುಗಳು ಹೂವುಗಳು. ಬೀಜ ಯಾವ ಕಡೆ ಉರುಳಿದರೂ ಹೂವು ಮತ್ತು ಬಿಳಿ ಕೂಡುವ ಜಾಗವನ್ನು ಬಿಟ್ಟು ಹೋಗುವುದಿಲ್ಲ. ಹೀಗಾಗಿ ಇದು ನಿಶ್ಚಯ. ಒಂದನೆಯದು, ಕೆಲವು ಮಲ್ಲಿಗೆಗಳು ಬಿಳಿ ವಸ್ತುಗಳು. ಇದು ನಿಶ್ಚಯವಾಗಬೇಕಾದರೆ ಬೀಜ ಪೂರ್ತಿಯಾಗಿ ಮಲ್ಲಿಗೆಯೊಳಗೆ ಇರಬೇಕಾಗಿತ್ತು. ಅದು ಗೆರೆಯ ಮೇಲಿದೆ, ಹೊರಕ್ಕೆ ಉರುಳಬಹುದು. ನಿಶ್ಚಯವಿಲ್ಲ. ಮೂರನೆಯದು, ಯಾವ ಮಲ್ಲಿಗೆಯೂ ಬಿಳಿ ವಸ್ತುವಲ್ಲ. ಇದು ನಿಶ್ಚಯವಾಗಬೇಕಾದರೆ ಮಲ್ಲಿಗೆ ಮತ್ತು ಬಿಳಿ ಕೂಡುವ ಎರಡು ಕೋಣೆಗಳಿಗೂ ಬೀಗ ಬಿದ್ದಿರಬೇಕು. ಹೂವಲ್ಲದ ಒಂದಕ್ಕೆ ಬಿದ್ದಿದೆ. ನಡುವಿನದು ತೆರೆದಿದೆ, ಬೀಜ ಅದರೊಳಗೂ ಉರುಳಬಹುದು. ಇದೂ ನಿಶ್ಚಯವಿಲ್ಲ.

ಹಾಗಾದರೆ "ಒಂದನೆಯದು ಅಥವಾ ಮೂರನೆಯದು" ಎಲ್ಲಿಂದ ಬಂದಿತು? ನಡುವಿನ ಆ ಕೋಣೆಯನ್ನೇ ನೋಡಿರಿ. ಅದರಲ್ಲಿ ಏನಾದರೂ ಇದ್ದರೆ ಕೆಲವು ಮಲ್ಲಿಗೆಗಳು ಬಿಳಿ. ಏನೂ ಇಲ್ಲದಿದ್ದರೆ ಯಾವ ಮಲ್ಲಿಗೆಯೂ ಬಿಳಿಯಲ್ಲ. ಇರುವುದು, ಇಲ್ಲದಿರುವುದು, ಇವೆರಡನ್ನು ಬಿಟ್ಟು ಮೂರನೆಯ ದಾರಿಯಿಲ್ಲ. ಬಿಡಿಯಾಗಿ ಎರಡೂ ಅನಿಶ್ಚಿತ. ಎರಡರಲ್ಲಿ ಒಂದು ಮಾತ್ರ ನಿಜವೆಂಬುದು ನಿಶ್ಚಿತ. ಅಜ್ಜನವರು ತಿಳಿದಂತೆ ಪುಸ್ತಕ ಮಲ್ಲಿಗೆ ಬಿಳಿಯಲ್ಲವೆಂದು ಹೇಳಿಲ್ಲ. ಆ ಎರಡು ಸಾಲುಗಳಷ್ಟನ್ನೇ ಓದಿದವನಿಗೆ ಯಾವ ಕಡೆಯೆಂದು ತಿಳಿಯದು, ಒಂದು ಕಡೆಯಂತೂ ಹೌದು ಎಂದಷ್ಟೇ ಹೇಳಿದೆ. ಹಿತ್ತಲಿಗೆ ಹೋಗಿ ನೋಡಿಬಂದವನು ಮೂರನೆಯ ಹೇಳಿಕೆಯೊಂದನ್ನು ಕೂಡಿಸಿದಂತಾಯಿತು. ಅದು ಪ್ರಶ್ನೆಯಲ್ಲಿ ಇಲ್ಲ.

"ಅಥವಾ" ಉತ್ತರ ಎಲ್ಲ ಕಡೆಯೂ ಬರುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಎರಡು ತೀರ್ಮಾನಗಳೂ ಅದೇ ಎರಡು ಗುಂಪುಗಳ ಬಗ್ಗೆ ಇರಬೇಕು. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಲೇಬೇಕು, ಒಂದು ಸುಳ್ಳಾದರೆ ಇನ್ನೊಂದು ನಿಜವಾಗಲೇಬೇಕು. ಬಿಡಿಯಾಗಿ ಎರಡೂ ಹೊರಡದಿರಬೇಕು. "ಎಲ್ಲ ಮಲ್ಲಿಗೆಗಳೂ ಬಿಳಿ", "ಯಾವ ಮಲ್ಲಿಗೆಯೂ ಬಿಳಿಯಲ್ಲ" ಎಂಬ ಜೋಡಿಗೆ ಇದು ಸಲ್ಲದು. ಅರ್ಧ ಬಿಳಿ ಅರ್ಧ ಹಳದಿಯಾಗಿದ್ದರೆ ಎರಡೂ ಸುಳ್ಳಾಗುತ್ತವೆ. ಅವಸರದಲ್ಲಿ ಮಕ್ಕಳು ಈ ಜೋಡಿಯನ್ನು ನೋಡಿ "ಅಥವಾ" ಎಂದು ಗುರುತಿಸಿಬಿಡುವುದುಂಟು. ಬ್ಯಾಂಕ್ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಡಿತವಿದೆ. ಒಂದು ಅಂಕದ ಎರಡು ಪ್ರಶ್ನೆಗಳನ್ನು ಹೀಗೆ ತಪ್ಪಿಸಿಕೊಂಡರೆ, ಬಾರದ ಎರಡು ಅಂಕಗಳ ಜೊತೆಗೆ ಬಂದ ಅಂಕಗಳಲ್ಲಿಯೂ ಅರ್ಧ ಹೋಗುತ್ತದೆ. ಆ ಮಗಳು ಕಳೆದ ವರ್ಷ ಕಳೆದುಕೊಂಡದ್ದು ಅಷ್ಟೇ.

ಬೀಜ ಯಾವಾಗಲೂ ಗೆರೆಯ ಮೇಲೆಯೇ ಕೂರುವುದೇ ಎಂದು ಕೇಳಬಹುದು. ಇಲ್ಲ. ಎರಡು ಕೋಣೆಗಳಲ್ಲಿ ಒಂದಕ್ಕೆ ಬೀಗ ಬಿದ್ದಿದ್ದರೆ ಅದು ಇನ್ನೊಂದಕ್ಕೆ ಹೋಗಲೇಬೇಕು. ಹೊಸ ಹಾಳೆಯಲ್ಲಿ ಹೂವು, ಬಿಳಿ, ದುಬಾರಿ ಎಂದು ಮೂರು ವೃತ್ತಗಳನ್ನು ಎಳೆದುಕೊಳ್ಳಿರಿ. ಹೇಳಿಕೆಗಳು: ಕೆಲವು ಹೂವುಗಳು ಬಿಳಿ, ಯಾವ ಬಿಳಿ ವಸ್ತುವೂ ದುಬಾರಿಯಲ್ಲ. ಇಲ್ಲಿ ಎರಡನೆಯ ಹೇಳಿಕೆಯನ್ನು ಮೊದಲು ಗುರುತಿಸಬೇಕು. "ಎಲ್ಲ" ಮತ್ತು "ಯಾವುದೂ ಅಲ್ಲ" ಎಂಬ ಹೇಳಿಕೆಗಳ ಬೀಗಗಳನ್ನು ಹಾಕಿದ ಮೇಲೆಯೇ ಬೀಜವಿಡುವುದು ಕ್ರಮ. ಬಿಳಿ ಮತ್ತು ದುಬಾರಿ ಕೂಡುವ ಎರಡು ಕೋಣೆಗಳಿಗೂ ಗೆರೆ ಹಾಕಿದಿರಿ. ಈಗ ಹೂವು ಮತ್ತು ಬಿಳಿ ಕೂಡುವಲ್ಲಿ ಉಳಿದದ್ದು ಒಂದೇ ಕೋಣೆ, ದುಬಾರಿಯ ಹೊರಗಿನದು. ಬೀಜ ಅಲ್ಲಿ ಸ್ಥಿರವಾಗಿ ಕುಳಿತಿತು. "ಕೆಲವು ಹೂವುಗಳು ದುಬಾರಿಯಲ್ಲ" ಎಂಬುದು ನಿಶ್ಚಯ. ಅದನ್ನೇ ತಿರುಗಿಸಿ "ಕೆಲವು ದುಬಾರಿ ವಸ್ತುಗಳು ಹೂವುಗಳಲ್ಲ" ಎಂದರೆ? ದುಬಾರಿ ವೃತ್ತದೊಳಗೆ ಎಲ್ಲಿಯೂ ಬೀಜವಿಲ್ಲ. ದುಬಾರಿಯಾದವೆಲ್ಲ ಹೂವುಗಳೇ ಆಗಿರಬಹುದು. "ಕೆಲವು ಹೌದು" ಎಂಬುದನ್ನು ತಿರುಗಿಸಬಹುದು, "ಕೆಲವು ಅಲ್ಲ" ಎಂಬುದನ್ನು ತಿರುಗಿಸಲಾಗದು.

ಈ "ಕೆಲವು" ಎಂಬ ಮಾತು ಮನೆಯಲ್ಲಿ ಒಂದು, ಪರೀಕ್ಷೆಯಲ್ಲಿ ಇನ್ನೊಂದು. "ಬುಟ್ಟಿಯಲ್ಲಿ ಕೆಲವು ಮಾವು ಸಿಹಿಯಾಗಿವೆ" ಎಂದು ಮನೆಯವರು ಹೇಳಿದರೆ ಉಳಿದವು ಹುಳಿಯೆಂದೇ ನಾವು ತಿಳಿಯುತ್ತೇವೆ. ಪರೀಕ್ಷೆಯಲ್ಲಿ ಹಾಗಲ್ಲ. ಕೆಲವು ಎಂದರೆ ಒಂದಾದರೂ ಉಂಟು. ಎಲ್ಲವೂ ಇದ್ದರೂ ಇರಬಹುದು. "ಕೆಲವು ಹೂವುಗಳು ಬಿಳಿ" ಎಂಬುದರಿಂದ "ಕೆಲವು ಹೂವುಗಳು ಬಿಳಿಯಲ್ಲ" ಎಂಬುದು ಹೊರಡುವುದಿಲ್ಲ. ಈಚಿನ ವರ್ಷಗಳ ಬ್ಯಾಂಕ್ ಪರೀಕ್ಷೆಗಳಲ್ಲಿ "ಕೆಲವು ಮಾತ್ರ" ಎಂಬ ಹೇಳಿಕೆಯೂ ಬರುತ್ತಿದೆ. ಅದು ಮನೆಯ ಮಾತಿನಂತೆಯೇ: ಕೆಲವು ಹೌದು, ಕೆಲವು ಅಲ್ಲ, ಎರಡೂ ನಿಶ್ಚಯ. ಅಲ್ಲಿ ಎರಡು ಬೀಜಗಳು ಬೇಕು.

ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸುವುದಾಗಿ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಮೇಲೆ ಕನ್ನಡವನ್ನು ಆರಿಸಿಕೊಳ್ಳುವವರು ನಮ್ಮ ಓದುಗರ ಮನೆಗಳಲ್ಲಿಯೂ ಇದ್ದಾರೆ. "ಎಲ್ಲ ಹೂವುಗಳೂ ಬಿಳಿಯಲ್ಲ" ಎಂಬ ವಾಕ್ಯ ನಮ್ಮ ಭಾಷೆಯಲ್ಲಿ ಎರಡು ಬಗೆಯಾಗಿ ಕೇಳಿಸುತ್ತದೆ: ಒಂದೂ ಬಿಳಿಯಲ್ಲವೆಂದೂ ಆಗಬಹುದು, ಬಿಳಿಯಲ್ಲದವೂ ಇವೆಯೆಂದೂ ಆಗಬಹುದು. ಒಂದೂ ಇಲ್ಲವೆನ್ನಲು "ಯಾವ ಹೂವೂ ಬಿಳಿಯಲ್ಲ" ಎಂಬುದೇ ಶುದ್ಧವಾದ ರೂಪ. ಅನುವಾದ ಸಂದಿಗ್ಧವಾಗಿ ಕಂಡಲ್ಲಿ ಇಂಗ್ಲಿಷ್ ವಾಕ್ಯವೂ ಜೊತೆಗಿದ್ದರೆ ಅದನ್ನೊಮ್ಮೆ ಓದಿಕೊಳ್ಳುವುದು ಲೇಸು.

ವೆನ್‌ನ ಕ್ರಮಕ್ಕೂ ಪರೀಕ್ಷೆಯ ಪದ್ಧತಿಗೂ ಒಂದು ವ್ಯತ್ಯಾಸವಿದೆ. ಅದನ್ನು ತಿಳಿಯದವರು ಸರಿಯಾದ ಚಿತ್ರ ಬಿಡಿಸಿಯೂ ಅಂಕ ಕಳೆದುಕೊಳ್ಳುತ್ತಾರೆ. "ಎಲ್ಲ ಮಲ್ಲಿಗೆಗಳೂ ಹೂವುಗಳು" ಎಂಬುದಕ್ಕೆ ನಾವು ಬೀಗ ಮಾತ್ರ ಹಾಕಿದೆವು, ಬೀಜ ಇಡಲಿಲ್ಲ. ವೆನ್‌ನ ಲೆಕ್ಕದಲ್ಲಿ ಆ ಹೇಳಿಕೆ ಮಲ್ಲಿಗೆ ಎಂಬುದು ಒಂದಾದರೂ ಇದೆಯೆಂದು ಹೇಳುವುದಿಲ್ಲ. ಆದ್ದರಿಂದ "ಕೆಲವು ಹೂವುಗಳು ಮಲ್ಲಿಗೆಗಳು" ಎಂಬ ತೀರ್ಮಾನ ಅವನ ಚಿತ್ರದಲ್ಲಿ ಹೊರಡದು. ನಮ್ಮ ಪರೀಕ್ಷೆಗಳಾದರೋ ಹೆಸರಿಸಿದ ಪ್ರತಿಯೊಂದು ಗುಂಪಿನಲ್ಲಿಯೂ ಒಂದಾದರೂ ವಸ್ತು ಇದೆಯೆಂದು ಹಿಡಿದು, ಅದನ್ನು ಸರಿಯೆಂದೇ ಎಣಿಸುತ್ತವೆ. ಬೀಗಗಳನ್ನು ಹಾಕಿದ ಮೇಲೆ ಪ್ರತಿಯೊಂದು ವೃತ್ತಕ್ಕೂ ಅದರ ತೆರೆದ ಭಾಗದಲ್ಲಿ ಒಂದು ಬೀಜವನ್ನು ಇಟ್ಟುಕೊಳ್ಳುವುದು ಪರೀಕ್ಷಾರ್ಥಿಗೆ ಕ್ಷೇಮ. ನಮ್ಮ ಮಲ್ಲಿಗೆಯ ಪ್ರಶ್ನೆಯಲ್ಲಿ ಹಾಗೆ ಇಟ್ಟ ಬೀಜ ಹೂವಿನೊಳಗೆ ಬಿಳಿಯ ಗೆರೆಯ ಮೇಲೆ ಕೂರುತ್ತದೆ, ಉತ್ತರ ಬದಲಾಗುವುದಿಲ್ಲ.

"ಸಾಧ್ಯತೆ"ಯ ತೀರ್ಮಾನಗಳನ್ನು ಕಂಡು ಮಕ್ಕಳು ಹೆದರುತ್ತಾರೆ. ಗೆರೆಯ ಮೇಲಿನ ಬೀಜವನ್ನು ತಿಳಿದವರಿಗೆ ಅವು ಸುಲಭ. "ಎಲ್ಲ ಮಲ್ಲಿಗೆಗಳೂ ಬಿಳಿಯಾಗಿರುವುದು ಸಾಧ್ಯ" ಎಂದರೆ ಅದನ್ನು ತಡೆಯುವ ಬೀಗವಾಗಲಿ ಬೀಜವಾಗಲಿ ಇದೆಯೇ ಎಂದಷ್ಟೇ ನೋಡಬೇಕು. ಇಲ್ಲ. ಆದ್ದರಿಂದ ಅದು ಹೊರಡುತ್ತದೆ. ಇಷ್ಟರ ಮಟ್ಟಿಗೆ ಅಜ್ಜನವರ ಮಲ್ಲಿಗೆಗೆ ಆ ಪ್ರಶ್ನೆಯಲ್ಲಿಯೂ ಜಾಗವಿದೆಯೆಂದು ಅವರಿಗೆ ತಿಳಿಸಬೇಕಾಗಿ ತಾಯಿಯವರಲ್ಲಿ ಕೋರುತ್ತೇವೆ.

ನಾಲ್ಕು ಗುಂಪುಗಳು ಬಂದರೆ ಬಳೆಯ ಕೆಲಸ ನಡೆಯದು. ನಾಲ್ಕು ವೃತ್ತಗಳಿಂದ ಬೇಕಾದ ಎಲ್ಲ ಕೋಣೆಗಳೂ ಮೂಡುವುದಿಲ್ಲ; ವೆನ್ ಅದಕ್ಕಾಗಿ ಉದ್ದನೆಯ ಅಂಡಾಕೃತಿಗಳನ್ನು ಬಳಸಿದನು. ಪರೀಕ್ಷೆಯ ಅವಸರದಲ್ಲಿ ಅದು ಆಗದ ಮಾತು. ತೀರ್ಮಾನದಲ್ಲಿ ಬಂದ ಎರಡು ಗುಂಪುಗಳನ್ನು ಜೋಡಿಸುವ ಹೇಳಿಕೆಗಳನ್ನು ಮಾತ್ರ ಆರಿಸಿ, ಮೂರು ಮೂರು ಗುಂಪುಗಳಾಗಿ ಚಿತ್ರ ಬಿಡಿಸಬೇಕು.

ಅಂಥದೊಂದನ್ನು ಓದುಗರಿಗೆ ಬಿಡುತ್ತೇವೆ. ಹೇಳಿಕೆಗಳು: ಎಲ್ಲ ಬಳೆಗಳೂ ಗಾಜಿನ ವಸ್ತುಗಳು. ಯಾವ ಗಾಜಿನ ವಸ್ತುವೂ ಮರದ ವಸ್ತುವಲ್ಲ. ಕೆಲವು ಮರದ ವಸ್ತುಗಳು ಆಟಿಕೆಗಳು. ತೀರ್ಮಾನಗಳು: ಯಾವ ಬಳೆಯೂ ಮರದ ವಸ್ತುವಲ್ಲ, ಕೆಲವು ಆಟಿಕೆಗಳು ಗಾಜಿನ ವಸ್ತುಗಳಲ್ಲ, ಕೆಲವು ಬಳೆಗಳು ಆಟಿಕೆಗಳು. ಚನ್ನಪಟ್ಟಣದ ಅಂಗಡಿಗಳಲ್ಲಿ ಅರಗು ಬಳಿದ ಮರದ ಬಳೆಗಳನ್ನು ಕಂಡವರು ಅದನ್ನು ಮರೆತು ಕುಳಿತುಕೊಳ್ಳಬೇಕು. ಉತ್ತರ ಮುಂದಿನ ಸಂಚಿಕೆಯಲ್ಲಿ.